ಜಿಮ್‌ನಲ್ಲಿ ತೂಕ ಏರ್ತಾ ಇದೆ, ನೀರಲ್ಲಿ ಕೈ ಮುಂದಕ್ಕೆ ಹೋಗ್ತಾ ಇಲ್ಲ: ಭುಜ ಬಿಗಿಯಾಗದ ಹಾಗೆ ಎಳೆತಕ್ಕೆ ಬಲ ಬರಿಸೋದು ಹೇಗೆ?

ಠಾಣೆ ಕರಾವಳಿಗ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಊರು ಕುಂದಾಪುರ, ಇರುವುದು ಠಾಣೆಯಲ್ಲಿ. ನಮ್ಮ ಸೊಸೈಟಿಯ 25 ಮೀಟರ್ ಕೊಳದಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಈಜುತ್ತೇನೆ, ಪ್ರತಿ ಸಲ ಸುಮಾರು 1,200 ಮೀಟರ್, ಹೆಚ್ಚಾಗಿ ಫ್ರೀಸ್ಟೈಲ್. ಡಿಸೆಂಬರ್‌ನಲ್ಲಿ ಮಾಲವಣದ ಸಮುದ್ರ ಈಜು ಸ್ಪರ್ಧೆಗೆ ಹೋಗಬೇಕೆಂದು ಆಸೆ.

ಕೈ ಎಳೆತದಲ್ಲಿ ಬಲ ಸಾಲದು ಅನ್ನಿಸಿ ಬೇಸಿಗೆಯಲ್ಲಿ ಜಿಮ್ ಸೇರಿದೆ. ಅಲ್ಲಿ ವಾರಕ್ಕೆ ನಾಲ್ಕು ದಿನ ಮಾಡಿಸುತ್ತಿರುವುದು ಇಷ್ಟು: ಬೆಂಚ್ ಪ್ರೆಸ್, ಕುತ್ತಿಗೆ ಹಿಂದಕ್ಕೆ ಎಳೆಯುವ ಲ್ಯಾಟ್ ಪುಲ್‌ಡೌನ್, ಬಾರ್ ಹಿಡಿದು ಗದ್ದದವರೆಗೆ ಎತ್ತುವ ಅಪ್‌ರೈಟ್ ರೋ, ಮತ್ತೆ ಶ್ರಗ್. ಮೆಷಿನ್ ಮೇಲೆ ತೂಕ ಚೆನ್ನಾಗಿ ಏರಿದೆ. ಆದರೆ ನೀರಿಗಿಳಿದರೆ ಮೈ ಹಿಡಿದುಕೊಂಡ ಹಾಗೆ ಇರುತ್ತದೆ ಮಾರಾಯ್ರೆ. ಕೈ ಮುಂದಕ್ಕೆ ಪೂರ್ತಿ ಚಾಚುವುದಿಲ್ಲ. ಮೊದಲು ಒಂದು ಲೆಂತ್‌ಗೆ 24 ಸ್ಟ್ರೋಕ್ ಆಗುತ್ತಿತ್ತು, ಈಗ 26. ಸಮಯ ಮಾತ್ರ ಅದೇ 32 ಸೆಕೆಂಡ್. ಎಡ ಭುಜದ ಮುಂಭಾಗ, ನೀರನ್ನು ಹಿಡಿದು ಎಳೆಯಲು ಶುರುಮಾಡುವ ಆ ಕ್ಷಣಕ್ಕೆ, ಚುಚ್ಚುತ್ತದೆ. ಅಂಗೈಗೆ ಕಟ್ಟುವ ಪ್ಯಾಡಲ್ ಹಾಕಿದರೆ ಇನ್ನೂ ಜಾಸ್ತಿ.

ಜಿಮ್ ಬಿಡಬೇಕಾ, ಇಲ್ಲ ಮಾಡುವ ರೀತಿ ಬದಲಿಸಬೇಕಾ?

ಡೊಂಬಿವಲಿ ಬಲ

ಬಿಡಬೇಡಿ ಅಣ್ಣ. ಈಜಿನಲ್ಲಿ ಎಳೆಯುವುದು ಮುಖ್ಯವಾಗಿ ಬೆನ್ನಿನ ದೊಡ್ಡ ಸ್ನಾಯು ಲ್ಯಾಟ್ಸ್, ಅದಕ್ಕೆ ನೀವು ಕೆಲಸ ಕೊಡುತ್ತಲೇ ಇದ್ದೀರಿ. ಬಿಗಿತ ಬರುತ್ತಿರುವುದು ಭಾರ ಜಾಸ್ತಿ ಎತ್ತುವುದರಿಂದ. ಭಾರ ಇಳಿಸಿ, ರಬ್ಬರ್ ಬ್ಯಾಂಡ್ ಹಿಡಿದು 25-30 ಸಲ ಎಳೆಯಿರಿ, ಸ್ನಾಯು ಉದ್ದ ಇರುತ್ತದೆ. ಕೊಳಕ್ಕೆ ಇಳಿಯುವ ಮೊದಲು ಯಾರಾದರೂ ಹಿಂದೆ ನಿಂತು ನಿಮ್ಮ ಎರಡೂ ಕೈ ಹಿಂದಕ್ಕೆ ಎಳೆದು ಚೆನ್ನಾಗಿ ಸ್ಟ್ರೆಚ್ ಮಾಡಿಸಲಿ. ಪ್ಯಾಡಲ್ ಬಿಡಬೇಡಿ, ನೀರಿನಲ್ಲಿ ಬಲ ಬರುವುದು ಅದರಿಂದಲೇ.

ವಾಶಿ ನಾಲ್ಕನೇ ಲೇನ್

ನಾನು ಕಾಲೇಜಿನಲ್ಲಿ ಸ್ಪರ್ಧೆಗೆ ಈಜಿದವನು. ನಮ್ಮ ಕೋಚ್ ಜಿಮ್ ಮಾತೇ ಎತ್ತುತ್ತಿರಲಿಲ್ಲ. ಒಂದೆರಡು ಕಿಲೋಮೀಟರ್ ಈಜುವವರಿಗೆ ಮೊದಲು ಬೇಕಾದ್ದು ಕೈ ನೀರಿಗೆ ಹೋಗುವ ರೀತಿ ಸರಿಯಾಗಿರುವುದು. ಹೆಬ್ಬೆರಳು ಮೊದಲು ನೀರಿಗೆ ಚುಚ್ಚುತ್ತಿದೆಯಾ? ಕೈ ತಲೆಯ ಮುಂದೆ ನಡುಗೆರೆ ದಾಟಿ ಆಚೆ ಬದಿಗೆ ಹೋಗುತ್ತಿದೆಯಾ? ಎರಡರಲ್ಲಿ ಯಾವುದಿದ್ದರೂ ಭುಜ ನೋಯುತ್ತದೆ, ಅದಕ್ಕೆ ಡಂಬೆಲ್ ಔಷಧಿ ಅಲ್ಲ. ಮಗನಿಗೋ ಹೆಂಡತಿಗೋ ಹೇಳಿ ಕೊಳದ ತುದಿಯಿಂದ, ನೀವು ಎದುರಿಗೆ ಬರುವಂತೆ ಒಂದು ವೀಡಿಯೊ ತೆಗೆಸಿ. ಯಾವ ಬದಿಗೆ ಉಸಿರು ತೆಗೆದುಕೊಳ್ಳುತ್ತೀರಿ ಎನ್ನುವುದನ್ನೂ ತಿಳಿಸಿ.

ಮಾಟುಂಗಾ ರಾಯರು

ಒಳ್ಳೆಯ ಸಮಯಕ್ಕೆ ಈ ವಿಷಯ ಬಂತು. ನನಗೆ 62. ಇಷ್ಟು ವರ್ಷ ಸಕ್ಕರೆ ಕಾಯಿಲೆ ಇಲ್ಲದೆ ಇದ್ದವನಿಗೆ ಈಚೆಗೆ ಅದೂ ಅಂಟಿಕೊಂಡಿದೆ. ಎಡಗೈ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚುವುದು ಕಷ್ಟ, ಹಿಂದಿನ ಜೇಬಿಗೆ ಕೈ ಹೋಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ಈಜು ನಿಲ್ಲಿಸಿಬಿಟ್ಟೆ. ಡೊಂಬಿವಲಿಯವರು ಹೇಳಿದ ಹಾಗೆ ಬ್ಯಾಂಡ್ ತಂದು 30 ಸಲ ಎಳೆದರೆ ನನ್ನ ಬಿಗಿತ ಬಿಡುತ್ತದೆಯೆ? ಯಾರೊಬ್ಬರಾದರೂ ತಿಳಿಸಿ.

ಕೋಥ್ರೂಡ್ ಫಿಸಿಯೊ

ರಾಯರೆ, ಮೊದಲು ನಿಮಗೆ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮದು ಬೇರೆಯದೇ ಸಮಸ್ಯೆ ಇರಬಹುದು. ಕನ್ನಡಿ ಮುಂದೆ ನಿಂತು ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳಿ, ಮುಂಗೈ ಮುಂದಕ್ಕಿರಲಿ. ಈಗ ಮುಂಗೈಯನ್ನು ಹೊರಗಡೆ ತಿರುಗಿಸಿ. ಬಲಗೈ ಸಲೀಸಾಗಿ ತಿರುಗಿ ಎಡಗೈ ಸ್ವಲ್ಪವೇ ತಿರುಗಿ ನಿಂತರೆ, ಮನೆಯವರಿಗೆ ಹೇಳಿ ಮೆಲ್ಲಗೆ ತಿರುಗಿಸಿ ನೋಡಲಿ. ಇನ್ನೊಬ್ಬರು ತಿರುಗಿಸಿದರೂ ಅಲ್ಲೇ ನಿಂತರೆ, ಅದು ಸ್ನಾಯು ಬಿಗಿತ ಅಲ್ಲ, ಕೀಲಿನ ಸುತ್ತಲಿನ ಪೊರೆಯೇ ಮುದುರಿಕೊಂಡಿರುವ ಲಕ್ಷಣ. ಫ್ರೋಜನ್ ಶೋಲ್ಡರ್ ಅನ್ನುವುದು ಇದನ್ನೇ, ಸಕ್ಕರೆ ಇರುವವರಲ್ಲಿ ಹೆಚ್ಚು. ಆ ಸ್ಥಿತಿಯಲ್ಲಿ ಬ್ಯಾಂಡ್ ಹಿಡಿದು ಜಗ್ಗಬ್ಯಾಡ್ರೀ. ಮೂಳೆ ಡಾಕ್ಟರನ್ನು ನೋಡಿ, ಸಕ್ಕರೆಯ ಪರೀಕ್ಷೆಯೂ ಆಗಲಿ, ಆಮೇಲೆ ವ್ಯಾಯಾಮದ ಮಾತು.

ಕರಾವಳಿಗರೆ, ನಿಮ್ಮದು. ನನ್ನ ಊರು ಧಾರವಾಡ, ಪುಣೆಯಲ್ಲಿ ಫಿಸಿಯೊ ಆಗಿ ಕೆಲಸ, ನಾನೂ ಬೆಳಿಗ್ಗೆ ಈಜುತ್ತೇನೆ. ನೋಡದೆ ಇಂಥದ್ದೇ ಅಂತ ಹೇಳಲಾರೆ, ಆದರೆ ನಿಮ್ಮ ಪಟ್ಟಿ ಓದಿದರೆ ಬಹಳಷ್ಟು ಗೊತ್ತಾಗುತ್ತದೆ.

ನೀವು ಬರೆದ ಲೆಕ್ಕದಲ್ಲೇ 1,200 ಮೀಟರ್ ಅಂದರೆ 48 ಲೆಂತ್, ಲೆಂತ್‌ಗೆ 24 ಸ್ಟ್ರೋಕ್ ಹಿಡಿದರೆ 1,152. ಅಂದರೆ ಒಂದು ಬೆಳಿಗ್ಗೆಗೆ ಒಂದೊಂದು ಭುಜ 576 ಸಲ ಮೇಲೆ ಹೋಗಿ, ಒಳಕ್ಕೆ ತಿರುಗಿ, ಎಳೆಯುತ್ತದೆ. ಕೈಯನ್ನು ಎಳೆಯುವ ದೊಡ್ಡ ಸ್ನಾಯುಗಳು, ಬೆನ್ನಿನ ಲ್ಯಾಟ್ಸ್ ಮತ್ತು ಎದೆಯದು, ಎರಡೂ ತೋಳನ್ನು ಒಳಕ್ಕೆ ತಿರುಗಿಸುತ್ತವೆ. ಈಜಿನಲ್ಲೇ ಅವಕ್ಕೆ ಸಾಕಷ್ಟು ಕೆಲಸ ಆಯಿತು. ಜಿಮ್‌ಗೆ ಹೋಗಿ ಬೆಂಚ್ ಪ್ರೆಸ್, ಪುಲ್‌ಡೌನ್ ಅಂತ ಮತ್ತೆ ಅವಕ್ಕೇ ಕೊಟ್ಟಿದ್ದೀರಿ. ತೋಳನ್ನು ಹೊರಕ್ಕೆ ತಿರುಗಿಸಿ ಕೀಲಿನ ಗುಂಡನ್ನು ಅದರ ಜಾಗದಲ್ಲಿ ಹಿಡಿದಿಡುವ ಚಿಕ್ಕ ಸ್ನಾಯುಗಳಿಗೆ, ಶೋಲ್ಡರ್ ಬ್ಲೇಡನ್ನು ಪಕ್ಕೆಲುಬಿನ ಮೇಲೆ ಜಾರಿಸಿ ಮೇಲಕ್ಕೆ ತಿರುಗಿಸುವ ಕಂಕುಳ ಪಕ್ಕದ ಸ್ನಾಯುಗಳಿಗೆ ನಿಮ್ಮ ಪಟ್ಟಿಯಲ್ಲಿ ಒಂದೂ ಇಲ್ಲ. ಕೈ ತಲೆಯಾಚೆ ಚಾಚಬೇಕಾದರೆ ಬ್ಲೇಡ್ ತಿರುಗಲೇಬೇಕು. ಅದು ತಿರುಗದೆ ಕೈ ಮಾತ್ರ ಮೇಲೆ ಹೋದರೆ ಭುಜದ ಮುಂಭಾಗದಲ್ಲಿ ಸ್ನಾಯುರಜ್ಜುಗಳು ಒತ್ತಿಸಿಕೊಳ್ಳುತ್ತವೆ.

ಇನ್ನು ಅಪ್‌ರೈಟ್ ರೋ. ಅದರಲ್ಲಿ ಮೊಣಕೈ ಮೇಲೆ, ತೋಳು ಒಳಕ್ಕೆ ತಿರುಗಿರುತ್ತದೆ. ನಿಮಗೆ ನೀರಿನಲ್ಲಿ ನೋಯುವ ಭಂಗಿಯೂ ಇದೇ. ನೋಯುವ ಜಾಗವನ್ನೇ ಜಿಮ್‌ನಲ್ಲಿ ತೂಕ ಹಾಕಿ ಉಜ್ಜಿದಂತೆ.

ಲ್ಯಾಟ್ಸ್ ನಿಜವಾಗಿಯೂ ಮೊಟಕಾಗಿದೆಯಾ ಅಂತ ಮನೆಯಲ್ಲೇ ನೋಡಬಹುದು. ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ. ಸೊಂಟ ನೆಲಕ್ಕೆ ಒತ್ತಿರಬೇಕು, ಇದು ಮುಖ್ಯ, ಏಕೆಂದರೆ ಲ್ಯಾಟ್ಸ್ ಕೆಳಗೆ ಸೊಂಟದವರೆಗೂ ಇಳಿದಿರುತ್ತದೆ. ಸೊಂಟ ಮೇಲಕ್ಕೆ ಕಮಾನಾದರೆ ಸ್ನಾಯು ಸಡಿಲ ಸಿಕ್ಕಿ ಕೈ ಸುಳ್ಳೇ ನೆಲ ಮುಟ್ಟುತ್ತದೆ. ಎರಡೂ ಕೈ ಸೂರಿನ ಕಡೆ ಎತ್ತಿ, ಮೊಣಕೈ ನೇರ ಇಟ್ಟು, ಅಂಗೈಗಳು ಒಂದಕ್ಕೊಂದು ಎದುರಾಗಿ, ತಲೆಯ ಹಿಂದಕ್ಕೆ ನೆಲದತ್ತ ಬಿಡಿ. ಕೈಗೂ ನೆಲಕ್ಕೂ ಎಷ್ಟು ಅಂತರ ನೋಡಿ. ಆಮೇಲೆ ಮತ್ತೆ ಸೂರಿನ ಕಡೆ ಎತ್ತಿ ಅಂಗೈಗಳನ್ನು ನಿಮ್ಮ ಮುಖದ ಕಡೆ ತಿರುಗಿಸಿ, ಕಿರುಬೆರಳುಗಳು ಹತ್ತಿರ ಬರುವಂತೆ. ಹಾಗೇ ಹಿಂದಕ್ಕೆ ಬಿಡಿ. ಎರಡನೇ ಸಲ ಅಂತರ ಎದ್ದು ಕಾಣುವಷ್ಟು ಹೆಚ್ಚಾದರೆ ಲ್ಯಾಟ್ಸ್ ಬಿಗಿ ಎನ್ನಬಹುದು. ಎರಡರಲ್ಲೂ ಒಂದೇ ಕಡೆ ನಿಂತರೆ ಬೆನ್ನಿನ ಮೇಲ್ಭಾಗ ಅಥವಾ ಕೀಲಿನ ಕಡೆ ನೋಡಬೇಕಾಗುತ್ತದೆ.

ಮಾಡಿ ಬರೆಯಿರಿ. ಅಲ್ಲಿಯವರೆಗೆ ಪ್ಯಾಡಲ್ ಬೇಡ.

ಠಾಣೆ ಕರಾವಳಿಗ

ಅಕ್ಕ, ತುಂಬ ಉಪಕಾರ. ಮಾಡಿ ನೋಡಿದೆ. ಅಂಗೈ ಎದುರುಬದುರು ಇಟ್ಟಾಗ ಬಲಗೈ ನೆಲಕ್ಕೆ ಎರಡು ಬೆರಳು ಮೇಲೆ, ಎಡಗೈ ನಾಲ್ಕು ಬೆರಳು. ಅಂಗೈ ಮುಖದ ಕಡೆ ತಿರುಗಿಸಿದಾಗ ಬಲ ನಾಲ್ಕು ಬೆರಳಾಯಿತು, ಎಡ ಒಂದು ಗೇಣಿಗೆ ಹತ್ತಿರ. ಸೊಂಟ ಏಳದ ಹಾಗೆ ಹೆಂಡತಿ ಕೈ ಹಾಕಿ ನೋಡುತ್ತಿದ್ದಳು. ಸೊಂಟ ಬಿಟ್ಟುಬಿಟ್ಟರೆ ಎರಡೂ ನೆಲ ಮುಟ್ಟುತ್ತವೆ!

ವಾಶಿಯವರೆ, ವೀಡಿಯೊ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ಉಸಿರು ಯಾವಾಗಲೂ ಬಲಕ್ಕೆ.

ರಾತ್ರಿ ನೋವಿಲ್ಲ, ಕೈಗೆ ಜೋಮು ಇಲ್ಲ, ಬಲ ಕುಗ್ಗಿಲ್ಲ. ಹಾಗಾದರೆ ಈಗ ಸ್ಟ್ರೆಚ್ ಮಾತ್ರ ಮಾಡುತ್ತ, ತೂಕ ಬಿಟ್ಟುಬಿಡಲೆ?

ಕೋಥ್ರೂಡ್ ಫಿಸಿಯೊ

ಬಿಡಬೇಡಿ. ತೂಕ ಎತ್ತಿದರೆ ಮೈ ಬಿಗಿಯುತ್ತದೆ ಎನ್ನುವ ಮಾತು ಅರ್ಧ ಅಳತೆಯಲ್ಲಿ ಎತ್ತುವವರ ವಿಷಯದಲ್ಲಿ ನಿಜ ಅನ್ನಿಸುತ್ತದೆ. ಕೈ ಪೂರ್ತಿ ಮೇಲಕ್ಕೆ ಚಾಚುವ ತನಕ ತೂಕಕ್ಕೆ ಬಿಟ್ಟುಕೊಟ್ಟು, ಅಲ್ಲಿಂದ ಎಳೆದರೆ, ಸ್ನಾಯು ತನ್ನ ಉದ್ದದ ತುದಿಯಲ್ಲೇ ಬಲ ಪಡೆಯುತ್ತದೆ. ಹಾಗೆ ಪೂರ್ತಿ ಅಳತೆಯಲ್ಲಿ ಮಾಡಿದ ತೂಕದ ವ್ಯಾಯಾಮ ಮೈಯ ಬಾಗುವಿಕೆಯನ್ನು ಸ್ಟ್ರೆಚ್ ಮಾಡಿದಷ್ಟೇ ಹೆಚ್ಚಿಸಬಲ್ಲದು. ಈಜಿನಲ್ಲಿ ನೀರು ಹಿಡಿಯುವುದು ಕೈ ಚಾಚಿದ ತುದಿಯಿಂದಲೇ. ನಿಮಗೆ ಬಲ ಬೇಕಾಗಿರುವುದೂ ಅಲ್ಲೇ.

ನಿಮ್ಮ ಪುಲ್‌ಡೌನ್ ಹೇಗಾಗುತ್ತಿದೆ ಅಂತ ಊಹಿಸುತ್ತೇನೆ. ತೂಕ ಜಾಸ್ತಿ, ಬಾರ್ ಮೇಲೆ ಹೋದಾಗ ಮೊಣಕೈ ಪೂರ್ತಿ ನೇರ ಆಗುವ ಮೊದಲೇ ಮತ್ತೆ ಕೆಳಗೆ ಜಗ್ಗುತ್ತೀರಿ. ಹೌದಾದರೆ ಹೀಗೆ ಬದಲಿಸಿ. ಬಾರ್ ಮುಖದ ಮುಂದೆ ಬರಲಿ, ಕುತ್ತಿಗೆಯ ಹಿಂದೆ ಬೇಡ. ಹಿಡಿತ ಭುಜಕ್ಕಿಂತ ಸ್ವಲ್ಪ ಅಗಲ. ಮೇಲೆ ಹೋದಾಗ ಕೈ ನೇರವಾಗಿ, ಶೋಲ್ಡರ್ ಬ್ಲೇಡ್ ಕಿವಿಯ ಕಡೆ ಏರುವ ತನಕ ಬಿಡಿ, ಅಲ್ಲಿ ಒಂದು ಸೆಕೆಂಡ್ ನಿಲ್ಲಿ. ಎಳೆಯುವಾಗ ಮೊದಲು ಬ್ಲೇಡ್ ಕೆಳಗೆ ಜಾರಲಿ, ಅದರ ಹಿಂದೆ ಮೊಣಕೈ ಮಡಚಲಿ. ಎದೆಯ ಮೇಲ್ಭಾಗದವರೆಗೆ ತಂದು, ಮೇಲೆ ಬಿಡುವಾಗ ಮೂರು ಸೆಕೆಂಡ್ ತೆಗೆದುಕೊಳ್ಳಿ. ಈಗ ಎತ್ತುವ ತೂಕದ ಮುಕ್ಕಾಲಿಗಿಂತ ಕಡಿಮೆಯಿಂದ ಶುರುಮಾಡಿ. 6 ಸಲದ ಮೂರು ಸೆಟ್, ನಡುವೆ ಎರಡು ನಿಮಿಷ ವಿರಾಮ. ಆರನೆಯದು ಮುಗಿದಾಗ ಇನ್ನೂ ಎರಡು ಆಗುತ್ತಿತ್ತು ಅನ್ನಿಸಬೇಕು. ಮೂರೂ ಸೆಟ್ ಹಾಗೆ ಚೊಕ್ಕಟವಾಗಿ ಆದಾಗ ಒಂದು ಪ್ಲೇಟ್ ಏರಿಸಿ. ಮುಂದೆ ಬ್ಯಾಂಡ್‌ಗೆ ಮೊಣಕಾಲಿಟ್ಟು ಪುಲ್ ಅಪ್‌ಗೆ ಹೋಗಬಹುದು, ನಿಯಮ ಅದೇ.

ಎರಡನೆಯದು, ಡಂಬೆಲ್ ಪುಲ್ಓವರ್. ಇದೇ ನಿಮ್ಮ ಸ್ಟ್ರೆಚ್. ಬೆಂಚ್ ಮೇಲೆ ಅಂಗಾತ ಮಲಗಿ ಪಾದ ಬೆಂಚ್ ಮೇಲೇ ಇಟ್ಟರೆ ಸೊಂಟ ಏಳುವುದಿಲ್ಲ. 6 ಕಿಲೋ ಡಂಬೆಲನ್ನು ಎರಡೂ ಕೈಯಲ್ಲಿ ಎದೆಯ ಮೇಲೆ ಹಿಡಿದು, ಮೊಣಕೈ ಸ್ವಲ್ಪ ಸಡಿಲಿಸಿ, ನಾಲ್ಕು ಸೆಕೆಂಡ್‌ನಲ್ಲಿ ತಲೆಯ ಹಿಂದಕ್ಕೆ ಇಳಿಸಿ. ಪಕ್ಕೆಲುಬು ಮೇಲಕ್ಕೆ ಎದ್ದು ಬಂದ ಕೂಡಲೆ ನಿಮ್ಮ ಅಳತೆ ಮುಗಿಯಿತು, ಅಲ್ಲಿಂದ ವಾಪಸ್. ಕಂಕುಳ ಕೆಳಗೆ ಎಳೆತ ಸಿಗಬೇಕು. ಭುಜದ ಮುಂಭಾಗ ಚುಚ್ಚಿದರೆ ಅಷ್ಟು ಆಳ ಬೇಡ. 8 ಸಲ, ಎರಡು ಸೆಟ್.

ಭುಜ ಕಾಯುವುದಕ್ಕೆ ಎರಡೇ ಸಾಕು. ಒಂದು, ಪುಷ್ ಅಪ್ ಮಾಡಿ ಮೇಲೆ ಬಂದ ಮೇಲೂ ನೆಲವನ್ನು ಇನ್ನೂ ಸ್ವಲ್ಪ ತಳ್ಳುವುದು, ಬ್ಲೇಡ್‌ಗಳು ಎರಡೂ ಪಕ್ಕಕ್ಕೆ ಸರಿದು ಬೆನ್ನು ತುಸು ಗುಂಡಗಾಗುವವರೆಗೆ. 10 ಸಲ, ಎರಡು ಸೆಟ್. ನೆಲದ ಮೇಲೆ ನೋವಾದರೆ ಗೋಡೆಗೋ ಮೇಜಿಗೋ ಮಾಡಿ. ಇನ್ನೊಂದು, ಬಲ ಮಗ್ಗುಲಾಗಿ ಮಲಗಿ ಎಡ ಮೊಣಕೈ ಕೆಳಗೆ ಮಡಚಿದ ಟವೆಲ್ ಇಟ್ಟು, ಒಂದೂವರೆ ಕಿಲೋ ಹಿಡಿದು ಮುಂಗೈಯನ್ನು ಹೊಟ್ಟೆಯಿಂದ ಮೇಲಕ್ಕೆ ತಿರುಗಿಸುವುದು. ಮೆಲ್ಲಗೆ 15 ಸಲ, ಎರಡು ಸೆಟ್, ಎರಡೂ ಕೈಗೆ. ಇಲ್ಲಿ ಭಾರ ಏರಿಸುವ ಆಸೆ ಬೇಡ. ಮೊಣಕೈ ಟವೆಲ್ ಬಿಟ್ಟು ಎದ್ದರೆ ಭಾರ ಹೆಚ್ಚಾಯಿತು ಅಂತ ಅರ್ಥ.

ವಾರಕ್ಕೆ ಎರಡೇ ದಿನ, ಈಜಿನ ದಿನವೇ, ಈಜಿ ಬಂದ ಮೇಲೆ ಅಥವಾ ಸಂಜೆ. ನೀವು ವಾರಕ್ಕೆ ನಾಲ್ಕು ದಿನ ಮಾಡುತ್ತಿದ್ದಿರಿ. ಹೊಸ ವ್ಯಾಯಾಮದ ನೋವು ಎರಡು ದಿನ ಇರುತ್ತದೆ. ಅಂದರೆ ನೋವಿಲ್ಲದ ಮೈಯಲ್ಲಿ ನೀವು ನೀರಿಗೆ ಇಳಿದದ್ದೇ ಕಡಿಮೆ. ಬಿಗಿತ ಅನ್ನಿಸಿದ್ದರಲ್ಲಿ ಒಂದು ಪಾಲು ಅದೇ.

ಅಪ್‌ರೈಟ್ ರೋ, ಶ್ರಗ್ ಬಿಡಿ. ಬೆಂಚ್ ಪ್ರೆಸ್ ಸದ್ಯಕ್ಕೆ ನಿಲ್ಲಿಸಿ.

ನೋವಿಗೆ ನಾನು ಹೇಳುವ ಅಳತೆ: ಹತ್ತಕ್ಕೆ ಎರಡು ಮೂರರಷ್ಟು ನೋವು ಮಾಡುವಾಗ ಇದ್ದು ಮಾರನೆ ಬೆಳಿಗ್ಗೆಗೆ ಹೋಗಿದ್ದರೆ ಮುಂದುವರಿಸಿ. ಮಾರನೆ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಭಾರ ಇಳಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅಥವಾ ಕೈ ಎತ್ತಲು ಬಲವೇ ಸಾಲದಾದರೆ ಯಾರಿಗಾದರೂ ತೋರಿಸಿ.

ಡೊಂಬಿವಲಿ ಬಲ

ಅಕ್ಕ, ನೀವು ಹೇಳಿದ ಪುಲ್‌ಡೌನ್ ಒಪ್ಪುತ್ತೇನೆ, ಪೂರ್ತಿ ಚಾಚಬೇಕು ಅನ್ನುವುದು ಸರಿ. ಆದರೆ ಆರೇ ಸಲ ಅಂದರೆ ಭಾರ ಹೆಚ್ಚು, ಮೈ ದಪ್ಪ ಆಗುತ್ತದೆ, ಈಜುವವನಿಗೆ ಯಾಕೆ? ಮತ್ತೆ ಬೆಂಚ್ ಪ್ರೆಸ್ ಪೂರ್ತಿ ನಿಲ್ಲಿಸಿ ಅನ್ನುವುದು ಅತಿ ಅನ್ನಿಸಿತು. ಎಳೆಯುವುದರಲ್ಲಿ ಎದೆಯ ಸ್ನಾಯು ಇದೆ ಅಂತ ನೀವೇ ಹೇಳಿದಿರಿ. ನಮ್ಮ ಜಿಮ್‌ಗೆ ಬರುವ ಇಬ್ಬರು ಈಜುಗಾರರು ಬೆಂಚ್ ಮಾಡುತ್ತಾರೆ, ಭುಜ ಚೆನ್ನಾಗಿದೆ.

ಕೋಥ್ರೂಡ್ ಫಿಸಿಯೊ

ಮೈ ದಪ್ಪ ಆಗುವುದು ವಾರದಲ್ಲಿ ಒಟ್ಟು ಎಷ್ಟು ಕೆಲಸ ಮಾಡುತ್ತೀರಿ, ಎಷ್ಟು ತಿನ್ನುತ್ತೀರಿ ಅನ್ನುವುದರ ಮೇಲೆ. ವಾರಕ್ಕೆ ಎರಡು ದಿನ, 6 ಸಲದ ಮೂರು ಸೆಟ್‌ಗೆ ಯಾರೂ ದಪ್ಪ ಆಗಿ ಭುಜ ಸಿಕ್ಕಿಕೊಳ್ಳುವುದಿಲ್ಲ. ಸುಸ್ತಾಗಿ ಕೈ ಬೀಳುವ ತನಕ 30 ಸಲ ಎಳೆಯುವುದರಿಂದ ಮಾರನೆ ದಿನದ ಮೈನೋವು ಹೆಚ್ಚು. ಅದೂ ಅಲ್ಲದೆ, ಸಣ್ಣ ಬಲದಿಂದ ಸಾವಿರ ಸಲ ಎಳೆಯುವುದನ್ನು ಅವರು ಕೊಳದಲ್ಲೇ ಮಾಡುತ್ತಿದ್ದಾರೆ. ಜಿಮ್‌ನಲ್ಲಿ ಮಾಡಬೇಕಾದ್ದು ನೀರು ಕೊಡಲಾಗದ್ದನ್ನು.

ಹಿಂದೆ ನಿಂತು ಕೈ ಎಳೆಯುವ ಸ್ಟ್ರೆಚ್ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಅದು ಲ್ಯಾಟ್ಸ್‌ಗೆ ತಾಗುವುದೇ ಇಲ್ಲ, ಭುಜದ ಮುಂಭಾಗದ ಪೊರೆಯನ್ನು ಜಗ್ಗುತ್ತದೆ. ಈಜುವವರಲ್ಲಿ ಎಷ್ಟೋ ಜನಕ್ಕೆ ಆ ಭಾಗ ಮೊದಲೇ ಸಡಿಲ. ಇವರಿಗೆ ನೋವಿರುವುದೂ ಅಲ್ಲೇ.

ಬೆಂಚ್ ಬಗ್ಗೆ ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ನೋವಿಲ್ಲದವರು ಮಾಡಲಿ. ಬೆಂಚ್‌ಗೆ ಬೆನ್ನು ಒತ್ತಿ ಮಲಗಿದಾಗ ಶೋಲ್ಡರ್ ಬ್ಲೇಡ್ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಪುಷ್ ಅಪ್‌ನಲ್ಲಿ ಅದಕ್ಕೆ ಓಡಾಡಲು ಜಾಗ ಇದೆ. ನೋವಿರುವ ಭುಜಕ್ಕೆ ನಾನು ಎರಡನೆಯದನ್ನು ಆರಿಸುತ್ತೇನೆ, ಅಷ್ಟೆ.

ಮಿರಾಮಾರ್ ಅಲೆ

ಪಣಜಿಯಿಂದ. ನನ್ನ ಕತೆ ಉಲ್ಟಾ. ಮಳೆಗಾಲ ಅಲ್ಲವಾ, ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಸೆಪ್ಟೆಂಬರ್ ಕಳೆಯುವ ತನಕ ಬರೀ ಜಿಮ್. ನನ್ನ ಮೈ ಬಹಳ ಸಡಿಲ, ಹೆಬ್ಬೆರಳು ಬಗ್ಗಿಸಿದರೆ ಮುಂಗೈ ಮುಟ್ಟುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಅಕ್ಕ ಹೇಳಿದ ಮಲಗುವ ಪರೀಕ್ಷೆಯಲ್ಲಿ ಕೈ ಎರಡು ರೀತಿಯಲ್ಲೂ ನೆಲಕ್ಕೆ ಬಿದ್ದುಬಿಡುತ್ತದೆ. ಆದರೂ ಈಜಿದ ಮೇಲೆ ಭುಜ ಬಿಗಿಯಾಗುತ್ತದೆ, ಅದಕ್ಕೆ ದಿನಾ ಬಾರ್ ಹಿಡಿದು ಒಂದು ನಿಮಿಷ ಜೋತಾಡುತ್ತೇನೆ. ಸರಿಯಾ?

ಕೋಥ್ರೂಡ್ ಫಿಸಿಯೊ

ನಿಮಗೆ ಜೋತಾಟ ಬೇಡ, ಸ್ಟ್ರೆಚ್ಚೂ ಬೇಡ. ಕೀಲು ಸಡಿಲ ಇದ್ದಾಗ ಸುತ್ತಲಿನ ಸ್ನಾಯುಗಳು ಅದನ್ನು ಹಿಡಿಯಲು ಹೆಣಗುತ್ತವೆ, ಆ ದಣಿವೇ ನಿಮಗೆ ಬಿಗಿತ ಅನ್ನಿಸುತ್ತದೆ. ಸ್ಟ್ರೆಚ್ ಮಾಡಿದರೆ ಅರ್ಧ ಗಂಟೆ ಹಾಯ್ ಅನ್ನಿಸಿ ಮತ್ತೆ ವಾಪಸ್ ಬರುತ್ತದೆ, ಹೌದಲ್ಲ? ಪುಲ್‌ಡೌನ್ ನೀವೂ ಮಾಡಿ, ಆದರೆ ಮೇಲಿನ ತುದಿಯಲ್ಲಿ ಪೂರ್ತಿ ಕೈಬಿಡಬೇಡಿ, ಭುಜ ಸ್ವಲ್ಪ ಹಿಡಿದೇ ಇರಲಿ, ಮೊಣಕೈ ಹಿಂದಕ್ಕೆ ಬಾಗದ ಹಾಗೆ ನೋಡಿಕೊಳ್ಳಿ. ಮೇಲೆ ಹೋದಾಗ ಐದು ಸೆಕೆಂಡ್ ಅಲುಗಾಡದೆ ಹಿಡಿದು ನಿಲ್ಲುವ ಅಭ್ಯಾಸ ನಿಮಗೆ ಒಳ್ಳೆಯದು. ಮಗ್ಗುಲಾಗಿ ಮಾಡುವ ಟವೆಲ್ ವ್ಯಾಯಾಮವನ್ನೂ ಬಿಡಬೇಡಿ.

ವಾಶಿ ನಾಲ್ಕನೇ ಲೇನ್

ಕರಾವಳಿಗರ ವೀಡಿಯೊ ನೋಡಿದೆ. ಉಸಿರಿಗೆ ತಲೆ ಬಲಕ್ಕೆ ತಿರುಗಿದಾಗ ಎಡಗೈ ಮುಂದೆ ಒಂಟಿಯಾಗಿ ಉಳಿಯುತ್ತದೆ. ಆಗ ಅದು ಮೂಗಿನ ಗೆರೆ ದಾಟಿ ಬಲಕ್ಕೆ ಹೋಗಿದೆ, ಮೊಣಕೈ ಬಿದ್ದಿದೆ, ಅಂಗೈ ನೀರನ್ನು ನೇರ ಕೆಳಕ್ಕೆ ಒತ್ತುತ್ತಿದೆ. ತಲೆ ಮೇಲೆ ತರಲು ಆ ಕೈಯನ್ನು ಊರುಗೋಲಾಗಿ ಬಳಸುತ್ತಿದ್ದಾರೆ. ಬಲಗೈಯಲ್ಲಿ ಇದಿಲ್ಲ. ಹಾಗಾಗಿ ನೋವು ಎಡಕ್ಕೇ ಯಾಕೆ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ.

ನಾನು ಹೇಳುವುದು: ಎಡಗೈ ಎಡ ಭುಜದ ನೇರಕ್ಕೇ, ಬೆರಳ ತುದಿ ಮೊದಲು ನೀರಿಗೆ ಹೋಗಲಿ. ಅಭ್ಯಾಸದಲ್ಲಿ ಒಂದು ಲೆಂತ್ ಬಲಕ್ಕೆ, ಒಂದು ಲೆಂತ್ ಎಡಕ್ಕೆ ಉಸಿರು. ಮೊದಮೊದಲು ನೀರು ಕುಡಿಯುತ್ತೀರಿ, ಹೆದರಬೇಡಿ. ಇದನ್ನು ಸರಿಮಾಡದೆ ಜಿಮ್‌ನಲ್ಲಿ ಏನು ಮಾಡಿದರೂ ವ್ಯರ್ಥ.

ಕೋಥ್ರೂಡ್ ಫಿಸಿಯೊ

ನೀವು ನೋಡಿದ್ದು ನನಗೆ ಬರಹದಲ್ಲಿ ಸಿಗುವಂಥದ್ದಲ್ಲ, ಬಹಳ ಉಪಯೋಗದ್ದು. ವ್ಯರ್ಥ ಅನ್ನುವುದನ್ನು ಮಾತ್ರ ಒಪ್ಪಲಾರೆ. ಎಡಗೈ ಒಂದು ಗೇಣು ಮೇಲೆಯೇ ನಿಲ್ಲುತ್ತಿದ್ದರೆ ಅವರು ಮನಸ್ಸು ಮಾಡಿದರೂ ಅದು ಭುಜದ ನೇರಕ್ಕೆ ಚಾಚಲು ಆಗುವುದಿಲ್ಲ, ಸುಲಭದ ದಾರಿ ಹುಡುಕಿ ಒಳಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ನಡೆಯಲಿ.

ಮಾಟುಂಗಾ ರಾಯರು

ಡಾಕ್ಟರಲ್ಲಿಗೆ ಹೋಗಿ ಬಂದೆನಮ್ಮ. ತಾವು ಹೇಳಿದಂತೆಯೇ ಮೊಣಕೈ ಪಕ್ಕೆಗಿಟ್ಟು ತಿರುಗಿಸಿ ನೋಡಿದರು. ಫ್ರೋಜನ್ ಶೋಲ್ಡರ್ ಎಂದೇ ಹೇಳಿದರು. ಬಿಡಲು ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಸಕ್ಕರೆಗೆ ಮಾತ್ರೆ ಬದಲಿಸಿದ್ದಾರೆ, ನೋವಿಲ್ಲದಷ್ಟು ಮಾತ್ರ ಕೈ ಆಡಿಸಲು ಕಲಿಸುತ್ತಿದ್ದಾರೆ. ಕೊಳಕ್ಕೆ ಇಳಿದು ಸುಮ್ಮನೆ ನಡೆಯಬಹುದೆಂದರು, ಅದೇ ಸಂತೋಷ.

ಠಾಣೆ ಕರಾವಳಿಗ

ಆರು ವಾರ ಆಯಿತು, ವರದಿ ಕೊಡುತ್ತೇನೆ. ನಡುವೆ ಚೌತಿಗೆ ಊರಿಗೆ ಹೋಗಿದ್ದೆ, ಅಲ್ಲಿ ಜಗಲಿ ಕಂಬಕ್ಕೆ ಬ್ಯಾಂಡ್ ಕಟ್ಟಿ ಎಳೆದೆ, ಅಂಗಳದಲ್ಲಿ ಪುಷ್ ಅಪ್.

ಮಲಗಿ ನೋಡುವ ಪರೀಕ್ಷೆಯಲ್ಲಿ ಅಂಗೈ ಮುಖದ ಕಡೆ ಇದ್ದಾಗ ಎಡಗೈ ಒಂದು ಗೇಣಿನಿಂದ ಮೂರು ಬೆರಳಿಗೆ ಇಳಿದಿದೆ. ಪುಲ್‌ಡೌನ್ ತೂಕ ಮೊದಲಿನ ಮಟ್ಟಕ್ಕೆ ವಾಪಸ್ ಬಂದಿದೆ, ಈ ಸಲ ಪೂರ್ತಿ ಚಾಚಿ. ಸ್ಟ್ರೋಕ್ 26 ರಿಂದ 22 ಕ್ಕೆ ಬಂತು. ಸಾಮಾನ್ಯ ಈಜಿನಲ್ಲಿ ನೋವಿಲ್ಲ. ಎಡಕ್ಕೆ ಉಸಿರು ಇನ್ನೂ ಒದ್ದಾಟವೇ.

ಆದರೆ ಸಮಯ ಈಗ 33 ಸೆಕೆಂಡ್. ಬಲ ಬಂದರೂ ವೇಗ ಯಾಕೆ ಬರಲಿಲ್ಲ?

ವಾಶಿ ನಾಲ್ಕನೇ ಲೇನ್

ಸ್ಟ್ರೋಕ್ ಒಂದನ್ನೇ ಎಣಿಸಿದರೆ ಕೈ ಮುಂದಿಟ್ಟು ಸುಮ್ಮನೆ ತೇಲಿಕೊಂಡು ಹೋದರೂ ಲೆಕ್ಕ ಇಳಿಯುತ್ತದೆ. ಸ್ಟ್ರೋಕ್ ಮತ್ತು ಸೆಕೆಂಡ್ ಎರಡನ್ನೂ ಕೂಡಿಸಿ ನೋಡಿ. ಜಿಮ್‌ಗೆ ಮೊದಲು 24 ಮತ್ತು 32, ಒಟ್ಟು 56. ನೋವಿದ್ದಾಗ 26 ಮತ್ತು 32, ಅಂದರೆ 58. ಈಗ 22 ಮತ್ತು 33, ಅಂದರೆ 55. ಸುಧಾರಣೆ ಇದೆ, ಆದರೆ ಚಿಕ್ಕದು. ನೀವು ಪ್ರತಿ ಸ್ಟ್ರೋಕ್‌ಗೂ ಹೆಚ್ಚು ದೂರ ಹೋಗುತ್ತಿದ್ದೀರಿ, ಸ್ಟ್ರೋಕ್‌ಗಳ ನಡುವೆ ಕಾಯುತ್ತಲೂ ಇದ್ದೀರಿ. ವಾರದಲ್ಲಿ ಒಂದು ದಿನ 25 ಮೀಟರ್‌ನ ಎಂಟು ಲೆಂತ್ ಈಜಿ, ನಡುವೆ 30 ಸೆಕೆಂಡ್ ವಿರಾಮ. 23 ಸ್ಟ್ರೋಕ್ ದಾಟದೆ 31 ಸೆಕೆಂಡ್‌ಗೆ ತರಲು ನೋಡಿ. ಸಮುದ್ರದಲ್ಲಿ ತೇಲಿಕೊಂಡು ಕಾದರೆ ಅಲೆ ಹಿಂದಕ್ಕೆ ತಳ್ಳುತ್ತದೆ, ಕೈ ಬೇಗ ಆಡಬೇಕಾಗುತ್ತದೆ.

ಜಿಮ್‌ನ ಬಲದಿಂದ ಎಷ್ಟು ಬಂತು, ಎಡಗೈ ನೇರ ಮಾಡಿದ್ದರಿಂದ ಎಷ್ಟು ಬಂತು ಅಂತ ಇದರಲ್ಲಿ ಬಿಡಿಸಿ ಹೇಳಲಾಗದು. ನನ್ನ ಪ್ರಕಾರ ಹೆಚ್ಚಿನ ಪಾಲು ಎರಡನೆಯದರದ್ದು.

ಕೋಥ್ರೂಡ್ ಫಿಸಿಯೊ

ಅದನ್ನು ನಾವಿಬ್ಬರೂ ಮಾಲವಣದ ದಂಡೆ ಮೇಲೆ ಕೂತು ವಾದ ಮಾಡೋಣ. ಕರಾವಳಿಗರೆ, ಜಿಮ್‌ನ ಬಲ ನೀರಿಗೆ ಇಳಿಯಲು ಸಮಯ ಬೇಕು, ಆರು ವಾರ ಕಡಿಮೆ.

ಠಾಣೆ ಕರಾವಳಿಗ

ಒಂದೇ ಒಂದು ಪ್ರಶ್ನೆ ಉಳಿದಿದೆ. ಮೊನ್ನೆ ಆಸೆಗೆ ಪ್ಯಾಡಲ್ ಹಾಕಿ ಹತ್ತು ಲೆಂತ್ ಹೊಡೆದೆ. ಸಂಜೆ ಮತ್ತೆ ಅದೇ ಜಾಗದಲ್ಲಿ ಮೆಲ್ಲಗೆ ನೋವು, ಮಾರನೆ ಬೆಳಿಗ್ಗೆಗೆ ಹೋಯಿತು. ಪ್ಯಾಡಲ್ ಪೂರ್ತಿ ಬಿಡಬೇಕಾ?

ಕೋಥ್ರೂಡ್ ಫಿಸಿಯೊ

ಬೆಳಿಗ್ಗೆಗೆ ಹೋಯಿತಲ್ಲ, ಗಾಬರಿ ಬೇಡ. ಆದರೆ ಪ್ಯಾಡಲ್ ಎಷ್ಟು ದೊಡ್ಡದು? ಅಂಗಡಿಯಲ್ಲಿ ಸಿಗುವ ಅಗಲದ್ದು ಅಂಗೈಗಿಂತ ಬಹಳ ದೊಡ್ಡದಿರುತ್ತದೆ, ಅಷ್ಟು ನೀರಿನ ಭಾರ ಪೂರ್ತಿ ಭುಜದ ಮೇಲೆ. ಬೆರಳ ತುದಿಗಿಂತ ಸ್ವಲ್ಪವೇ ಆಚೆ ಬರುವ ಚಿಕ್ಕದನ್ನು ತನ್ನಿ. ಮಣಿಕಟ್ಟಿನ ಪಟ್ಟಿ ತೆಗೆದು ಬೆರಳಿನದ್ದು ಮಾತ್ರ ಹಾಕಿ, ಕೈ ತಪ್ಪಾಗಿ ನೀರಿಗೆ ಹೋದರೆ ಪ್ಯಾಡಲ್ ತಾನೇ ಕಳಚಿ ಬರುತ್ತದೆ. ಮೈ ಬಿಸಿಯಾದ ಮೇಲೆ ನಾಲ್ಕು ಲೆಂತ್, ವಾರಕ್ಕೆ ಒಂದು ದಿನ, ಜಿಮ್ ಇಲ್ಲದ ದಿನ. ಎರಡು ವಾರ ಬೆಳಿಗ್ಗೆ ನೋವು ಉಳಿಯದಿದ್ದರೆ ಆರು ಮಾಡಿ.

ಡೊಂಬಿವಲಿ ಬಲ

ಆ ಮಣಿಕಟ್ಟಿನ ಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ ಅಕ್ಕ, ನಮ್ಮ ಜಿಮ್‌ನ ಆ ಇಬ್ಬರಿಗೂ ಹೇಳುತ್ತೇನೆ. ಬೆಂಚ್ ಬಗ್ಗೆ ನನ್ನ ಮನಸ್ಸು ಬದಲಾಗಿಲ್ಲ. ಕರಾವಳಿಗರೆ, ನೋವು ಪೂರ್ತಿ ಹೋದ ಮೇಲೆ ಬಾರ್ ಬದಲು ಡಂಬೆಲ್ ಹಿಡಿದು, ಮೊಣಕೈ ಪಕ್ಕೆಗೆ ಹತ್ತಿರ ಇಟ್ಟು, ಕಡಿಮೆ ಭಾರದಲ್ಲಿ ಮಾಡಿ ನೋಡಿ. ಮಲಗುವ ಪರೀಕ್ಷೆಯನ್ನು ಅದಕ್ಕೆ ಮೊದಲೂ ಆಮೇಲೂ ಮಾಡಿ ಎಷ್ಟು ಬೆರಳು ಅಂತ ಇಲ್ಲಿ ಹಾಕಿ. ಅಂತರ ಹೆಚ್ಚಿದ್ದರೆ ನಾನೇ ಬೇಡ ಅನ್ನುತ್ತೇನೆ.